ಖೋ ಕೇಳಿಸದ ಹುಡುಗಿಗೆ ಖೋ ಖೋ ಆಡಿಸುವುದು ಹೇಗೆ? ಬಾವುಟ ಹಿಡಿದು ಆಡಿಸಿದವರು ಹೇಳಿ

ಬೇಲೂರು ಮೇಷ್ಟ್ರು · ಸೋಮವಾರ, ಸಂಜೆ 6.40

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪಿ.ಇ. ಮೇಷ್ಟ್ರು. ಈ ವರ್ಷ 7ನೇ ಕ್ಲಾಸಿಗೆ ಒಬ್ಬ ಹುಡುಗಿ ಬಂದು ಸೇರಿದ್ದಾಳೆ. ಹುಟ್ಟಿದಾಗಿನಿಂದ ಎರಡೂ ಕಿವಿ ಕೇಳಿಸುವುದಿಲ್ಲ. ಮಷಿನ್ ಇದೆ. ಹಾಕಿಕೊಂಡರೆ ಹತ್ತಿರದಲ್ಲಿ ಜೋರು ಸದ್ದಾದರೆ ತಿರುಗಿ ನೋಡುತ್ತಾಳೆ, ಮಾತು ತಿಳಿಯುವುದಿಲ್ಲ. ಕ್ಲಾಸಲ್ಲಿ ಉಳಿದ 33 ಮಕ್ಕಳಿಗೂ ಕಿವಿ ಚೆನ್ನಾಗಿದೆ.

ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ ಖೋ ಖೋಗೆ ಕೂರಿಸಿದರೆ ಎರಡೇ ನಿಮಿಷಕ್ಕೆ ಮಕ್ಕಳೆಲ್ಲ ಅವಳ ಮೇಲೆ ಕೂಗಾಡುತ್ತಾರೆ. ಖೋ ಕೊಟ್ಟರೆ ಏಳುವುದಿಲ್ಲ. ಕೆಲವು ಸಲ ಖೋ ಕೊಡದೆಯೇ ಎದ್ದುಬಿಡುತ್ತಾಳೆ, ಫೌಲ್ ಆಗುತ್ತದೆ. ನಾನು ವಿಷಲ್ ಊದಿದರೂ ಅವಳೊಬ್ಬಳು ಓಡುತ್ತಲೇ ಇರುತ್ತಾಳೆ. ಎಲ್ಲರೂ ನಿಂತಿರುವುದನ್ನು ನೋಡಿ ಆಮೇಲೆ ನಿಲ್ಲುತ್ತಾಳೆ. ಆಗ ಅವಳ ಮುಖ ನೋಡೋಕೆ ಆಗುವುದಿಲ್ಲ.

ಹೋದ ವಾರ ನಾನೇ ಒಂದು ಕೆಂಪು ಬಾವುಟ ಮಾಡಿಕೊಂಡು ವಿಷಲ್ ಜೊತೆಗೆ ಎತ್ತಿದೆ. ಏನೂ ಪ್ರಯೋಜನ ಆಗಲಿಲ್ಲ. ಶುಕ್ರವಾರ ಅವಳು ತಾನಾಗಿಯೇ ಹೋಗಿ ಮರದ ಕೆಳಗೆ ಕೂತಳು, ಸ್ಕೋರ್ ಬರೆಯುತ್ತೇನೆ ಅಂತ ಸನ್ನೆ ಮಾಡಿದಳು. ಅವಳನ್ನು ಅಲ್ಲಿಂದ ಎಬ್ಬಿಸಬೇಕು. ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಅರಸೀಕೆರೆ ಕಬಡ್ಡಿ · ಸೋಮವಾರ, ರಾತ್ರಿ 8.05

ಸರ್, ವಿಷಲ್ ಬಿಡಿ, ತಮಟೆ ಅಥವಾ ಡ್ರಮ್ ತನ್ನಿ. ಕಿವಿ ಕೇಳದವರಿಗೂ ಅದರ ಅದುರು ಮೈಗೆ ಗೊತ್ತಾಗುತ್ತದೆ. ನಮ್ಮ ಶಾಲೆಯಲ್ಲಿ ಡ್ಯಾನ್ಸ್‌ಗೆ ಹೀಗೆಯೇ ಮಾಡಿದ್ದರು. ಸ್ಟೇಜ್ ಮೇಲೆ ಆ ಹುಡುಗ ಒಂದು ಹೆಜ್ಜೆಯೂ ತಪ್ಪಲಿಲ್ಲ. ಜೊತೆಗೆ ಮಷಿನ್ ಸೌಂಡ್ ಜಾಸ್ತಿ ಇಡೋಕೆ ಹೇಳಿ.

ಕಡೂರಿನವ · ಸೋಮವಾರ, ರಾತ್ರಿ 8.30

ಮೇಷ್ಟ್ರೇ, ಗೆಜ್ಜೆ ಹಾಕಿದ ಚೆಂಡು ಸಿಗುತ್ತದೆ. ಒಳಗೆ ಗುಂಡು ಇರುತ್ತದೆ, ಉರುಳಿದರೆ ಸದ್ದು ಬರುತ್ತದೆ. ಅಂಥ ಮಕ್ಕಳು ಅದರಲ್ಲಿ ಕ್ರಿಕೆಟ್ ಆಡುವುದನ್ನು ನಾನೇ ನೋಡಿದ್ದೇನೆ. ಬೇಕಿದ್ದರೆ ವಿಚಾರಿಸಿ ಹೇಳುತ್ತೇನೆ.

ಬೇಲೂರು ಮೇಷ್ಟ್ರು · ಸೋಮವಾರ, ರಾತ್ರಿ 8.42

ಕಡೂರಿನ ಅಣ್ಣ, ಅದು ಕಣ್ಣು ಕಾಣದ ಮಕ್ಕಳಿಗೆ. ಇವಳಿಗೆ ಕಿವಿ ಕೇಳಿಸುವುದಿಲ್ಲ, ಕಣ್ಣು ಬಹಳ ಚುರುಕು.

ಕಡೂರಿನವ · ಸೋಮವಾರ, ರಾತ್ರಿ 8.50

ಹೌದಲ್ವಾ, ಓದುವಾಗ ತಪ್ಪು ತಿಳಿದುಕೊಂಡೆ. ಕ್ಷಮಿಸಿ. ಆದರೂ ಈ ಚರ್ಚೆ ಓದುತ್ತಿರುತ್ತೇನೆ. ನಮ್ಮ ಬೀದಿಯಲ್ಲೂ ಕಿವಿ ಕೇಳಿಸದ ಒಬ್ಬ ಹುಡುಗ ಇದ್ದಾನೆ, ಸಂಜೆ ಹುಡುಗರೆಲ್ಲ ಆಡುವಾಗ ಜಗಲಿ ಮೇಲೆ ಕೂತಿರುತ್ತಾನೆ.

ಹಾಸನ ಟೀಚರ್ · ಸೋಮವಾರ, ರಾತ್ರಿ 9.35

ಮೇಷ್ಟ್ರೇ, ನಾನು ಬಿಐಇಆರ್‌ಟಿ, ವಿಶೇಷ ಅಗತ್ಯ ಇರುವ ಮಕ್ಕಳ ಟೀಚರ್. ಹದಿನಾಲ್ಕು ವರ್ಷದಿಂದ ಶಾಲೆಯಿಂದ ಶಾಲೆಗೆ ಸುತ್ತುತ್ತಾ ಇಂಥ ಮಕ್ಕಳ ಜೊತೆಗೇ ಇದ್ದೇನೆ. ಮೊದಲು ಡ್ರಮ್ ವಿಷಯ ಹೇಳಿಬಿಡುತ್ತೇನೆ. ಅರಸೀಕೆರೆ ಸರ್ ಹೇಳಿದ್ದು ಮರದ ಸ್ಟೇಜ್ ಮೇಲೆ ನಿಜ. ಹಲಗೆ ಅದುರುತ್ತದೆ, ಕಾಲಿಗೆ ತಾಗುತ್ತದೆ. ಮಣ್ಣಿನ ಮೈದಾನದಲ್ಲಿ ಹತ್ತು ಹೆಜ್ಜೆ ಆಚೆ ನಿಂತು ಎಷ್ಟು ಬಡಿದರೂ ಓಡುತ್ತಿರುವ ಮಗುವಿನ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಮಷಿನ್ ಸೌಂಡ್ ಏರಿಸುವುದಂತೂ ಬೇಡವೇ ಬೇಡ. ಮಷಿನ್ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೂವತ್ತು ಮಕ್ಕಳ ಕಿರುಚಾಟ, ಗಾಳಿ ಸದ್ದು, ಎಲ್ಲ ಸೇರಿ ಕಿವಿಗೆ ಬಡಿಯುತ್ತದೆ. ಎಷ್ಟು ಇಡಬೇಕು ಅಂತ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಹೊಂದಿಸಿ ಕೊಟ್ಟಿರುತ್ತಾರೆ, ನಾವು ಮುಟ್ಟಬಾರದು.

ಈಗ ಖೋ ಖೋಗೆ ಬರೋಣ. ನಿಮಗೆ ಒಂದು ಪ್ರಶ್ನೆ. ನಿಮ್ಮ ಮಕ್ಕಳು ಖೋ ಕೊಡುವಾಗ ಕೈ ಎಲ್ಲಿ ಇಡುತ್ತಾರೆ? ನಾಳೆ ಒಂದು ಆಟ ಪೂರ್ತಿ ಅದನ್ನೇ ನೋಡಿ. ಆ ಹುಡುಗಿಯನ್ನು ನೋಡಬೇಡಿ, ಖೋ ಕೊಡುವವರ ಕೈ ನೋಡಿ.

ಬೇಲೂರು ಮೇಷ್ಟ್ರು · ಮಂಗಳವಾರ, ಸಂಜೆ 5.20

ಟೀಚರ್, ಇವತ್ತು ನೋಡಿದೆ. ಇಷ್ಟು ವರ್ಷದಿಂದ ಆಡಿಸುತ್ತಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ. ನಮ್ಮ ಮಕ್ಕಳು ಬೆನ್ನು ಮುಟ್ಟುವುದೇ ಇಲ್ಲ! ಬಾಯಲ್ಲಿ ಖೋ ಅಂತ ಕೂಗಿ ಕೈಯನ್ನು ಗಾಳಿಯಲ್ಲಿ ಬೀಸಿ ಮುಂದೆ ಹೋಗುತ್ತಾರೆ. ಬೆರಳ ತುದಿ ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಕೂತವರು ಸದ್ದು ಕೇಳಿ ಏಳುತ್ತಾರೆ.

ಬರೆದುಕೊಂಡೆ. ಅವಳಿಗೆ ಒಟ್ಟು 9 ಸಲ ಖೋ ಸಿಕ್ಕಿತು. ಅದರಲ್ಲಿ 4 ಸಲ ಬೆನ್ನಿಗೆ ಸರಿಯಾಗಿ ಕೈ ಬಿತ್ತು, ನಾಲ್ಕಕ್ಕೂ ತಟ್ಟನೆ ಎದ್ದಳು. 5 ಸಲ ಕೈ ತಾಗಲೇ ಇಲ್ಲ, ಅವಳು ತಡ. ಇನ್ನೊಂದು ಸಲ ಪಕ್ಕದಲ್ಲಿ ಓಡಿ ಹೋದವಳ ಲಂಗ ಭುಜಕ್ಕೆ ತಾಗಿತು, ಖೋ ಅಂದುಕೊಂಡು ಎದ್ದಳು, ಫೌಲ್. ತಪ್ಪು ಅವಳದ್ದಲ್ಲ. ನನ್ನದೇ.

ಹಾಸನ ಟೀಚರ್ · ಮಂಗಳವಾರ, ರಾತ್ರಿ 9.10

ಇದೇ ನೋಡಿ. ನಿಯಮದಲ್ಲಿ ಎರಡೂ ಇದೆ. ಹಿಂದಿನಿಂದ ಕೈ ಚಾಚಿ ಮುಟ್ಟಬೇಕು, ಮುಟ್ಟುವ ಹೊತ್ತಿಗೇ ಖೋ ಅನ್ನಬೇಕು. ಕಿವಿ ಕೇಳುವ ಮಕ್ಕಳು ಆಡುತ್ತಾ ಆಡುತ್ತಾ ಮುಟ್ಟುವುದನ್ನು ಬಿಟ್ಟು ಕೂಗುವುದನ್ನು ಮಾತ್ರ ಉಳಿಸಿಕೊಂಡಿರುತ್ತಾರೆ. ಅವರಿಗೆ ಅಷ್ಟೇ ಸಾಕಾಗುತ್ತದೆ. ಅವಳಿಗೆ ಬೇಕಾದ ಅರ್ಧವೇ ಹೋಗಿರುತ್ತದೆ. ಹೊಸ ನಿಯಮ ಏನೂ ಬೇಡ, ಇರುವ ನಿಯಮವನ್ನು ಪೂರ್ತಿ ಆಡಿಸಿದರೆ ಅವಳ ಅರ್ಧ ಕಷ್ಟ ಕಳೆಯಿತು.

ನಾನು ಮಾಡಿಸುವುದು ಹೀಗೆ. ಒಂದು ವಾರ, ದಿನಕ್ಕೆ ಹತ್ತು ನಿಮಿಷ, ಮೂಕ ಖೋ ಖೋ. ಯಾರೂ ಬಾಯಿ ಬಿಡುವ ಹಾಗಿಲ್ಲ. ನೋಡುತ್ತಾ ನಿಂತವರೂ ಅಷ್ಟೇ. ಅಂಗೈ ಅಗಲ ಮಾಡಿ, ಎರಡು ಭುಜದ ಮೂಳೆಯ ನಡುವೆ, ಒತ್ತಿದ ಹಾಗೆ ಇಡಬೇಕು. ತಟ್ಟುವುದಲ್ಲ, ಬಡಿಯುವುದಲ್ಲ. ಭುಜಕ್ಕೆ, ತೋಳಿಗೆ, ಬಟ್ಟೆಗೆ ತಾಗಿದ್ದು ಖೋ ಅಲ್ಲ ಅಂತ ಎಲ್ಲರಿಗೂ ಗೊತ್ತಿರಬೇಕು. ಆಗ ಲಂಗ ತಾಗಿದರೆ ಅವಳು ಏಳುವುದಿಲ್ಲ. ಕುತ್ತಿಗೆ, ತಲೆ ಕಡೆ ಯಾರೂ ಕೈ ತರಬಾರದು. ಮಷಿನ್ ಕಿವಿ ಹಿಂದೆಯೇ ಇರುತ್ತದೆ, ಒಂದು ಏಟು ಬಿದ್ದರೆ ಕಿವಿಗೂ ಗಾಯ, ಮಷಿನ್ನೂ ಹೋಯಿತು.

ಮೊದಲ ದಿನ ಕಿವಿ ಕೇಳುವ ಮಕ್ಕಳೇ ಜಾಸ್ತಿ ತಡವರಿಸುತ್ತಾರೆ. ಕೈ ತಾಗದೆ ಕೂತೇ ಇರುತ್ತಾರೆ. ಅದು ಆಗಲಿ, ತಿದ್ದಬೇಡಿ. ಎರಡನೇ ದಿನಕ್ಕೆ ಖೋ ಕೊಡುವವರ ಕೈ ತಾನಾಗಿಯೇ ಬೆನ್ನಿಗೆ ಬರುತ್ತದೆ. ಆಮೇಲೆ ಖೋ ಅನ್ನುವ ಸದ್ದನ್ನು ಮತ್ತೆ ಸೇರಿಸಿ.

ಇನ್ನು ತೋರಿಸಿಕೊಡುವ ರೀತಿ. ಮೂಕ ಖೋ ಖೋ ಹೇಗೆ ಅಂತ ಹೇಳಿಕೊಡುವಾಗ ಕೈ ಮಾಡಿ ತೋರಿಸುತ್ತಾ ಅದೇ ಹೊತ್ತಿಗೆ ಬಾಯಲ್ಲಿ ವಿವರಿಸಬೇಡಿ. ಅವಳು ನಿಮ್ಮ ತುಟಿ ನೋಡಬೇಕೋ ಕೈ ನೋಡಬೇಕೋ? ಎರಡಕ್ಕೂ ಇರುವುದು ಅವೇ ಎರಡು ಕಣ್ಣು. ಮೊದಲು ಸುಮ್ನೆ ಮಾಡಿ ತೋರಿಸಿ. ನಿಲ್ಲಿಸಿ. ಅವಳ ಕಣ್ಣು ನಿಮ್ಮ ಮುಖಕ್ಕೆ ಬರುವವರೆಗೆ ಕಾಯಿರಿ. ಆಮೇಲೆ ಒಂದು ಮಾತು, ಒಂದು ಸನ್ನೆ. ಮತ್ತೆ ಮಾಡಿ ತೋರಿಸಿ. ಕೊನೆಗೆ ಗೊತ್ತಾಯ್ತಾ ಅಂತ ಕೇಳಬೇಡಿ. ಎಲ್ಲದಕ್ಕೂ ತಲೆ ಆಡಿಸುವುದನ್ನು ಈ ಮಕ್ಕಳು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ನೀನು ಮಾಡಿ ತೋರಿಸು ಅನ್ನಿ. ಅದೂ ಮೂರನೆಯವಳಾಗಿಯೋ ನಾಲ್ಕನೆಯವಳಾಗಿಯೋ ಅಲ್ಲ, ಒಮ್ಮೊಮ್ಮೆ ಮೊದಲನೆಯವಳಾಗಿ. ಹಿಂದೆ ನಿಂತರೆ ಮುಂದಿನವರನ್ನು ನೋಡಿ ಹಾಗೇ ಮಾಡುತ್ತಾಳೆ, ಅರ್ಥ ಆಗಿದೆ ಅಂತ ನಾವು ಮೋಸ ಹೋಗುತ್ತೇವೆ.

ಸಕಲೇಶಪುರ ಪಿಇ · ಮಂಗಳವಾರ, ರಾತ್ರಿ 9.50

ಟೀಚರ್, ನಾನು ಕೆಲಸಕ್ಕೆ ಸೇರಿ ಎರಡೇ ವರ್ಷ. ಒಂದು ಅನುಮಾನ. ಎದುರು ನಿಂತು ತೋರಿಸಿದರೆ ನನ್ನ ಬಲಗೈ ಅವರಿಗೆ ಎಡಗಡೆ ಕಾಣುತ್ತದೆ. ಕೇಳುವ ಮಕ್ಕಳಿಗೆ ಬಲಕ್ಕೆ ಅಂತ ಕೂಗಿ ಸರಿಮಾಡುತ್ತೇನೆ. ನಮ್ಮಲ್ಲೂ ಒಬ್ಬ ಹುಡುಗ ಇದ್ದಾನೆ, ಅವನು ಯಾವಾಗಲೂ ಉಲ್ಟಾ ಮಾಡುತ್ತಾನೆ.

ಹಾಸನ ಟೀಚರ್ · ಮಂಗಳವಾರ, ರಾತ್ರಿ 10.05

ಅವನು ಸರಿಯಾಗಿಯೇ ಮಾಡುತ್ತಿದ್ದಾನೆ ಮಗಾ, ಕಂಡದ್ದನ್ನು ಮಾಡುತ್ತಿದ್ದಾನೆ. ಹೆಜ್ಜೆ, ತಿರುವು ತೋರಿಸುವಾಗ ಮಕ್ಕಳಿಗೆ ಬೆನ್ನು ಹಾಕಿ, ಅವರು ನೋಡುವ ಕಡೆಗೇ ನೀನೂ ನೋಡುತ್ತಾ ಮಾಡು. ಹೇಳುವುದು ಇದ್ದಾಗ ಮಾತ್ರ ತಿರುಗು. ಬೆನ್ನು ಹಾಕಿರುವಾಗ ಒಂದು ಮಾತೂ ಆಡಬೇಡ.

ಮೂಡಿಗೆರೆ ಅಮ್ಮ · ಬುಧವಾರ, ಬೆಳಗ್ಗೆ 7.15

ನಾನು ಟೀಚರ್ ಅಲ್ಲ, ತಾಯಿ. ನನ್ನ ಮಗನಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ. ಈಗ 3ನೇ ಕ್ಲಾಸ್. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತೋರಿಸುತ್ತಿದ್ದೇವೆ. ಅವನ ಹಿಂದಿನ ಶಾಲೆಯಲ್ಲಿ ಆಟದ ಪೀರಿಯಡ್‌ಗೆ ಅವನನ್ನು ಬಿಡುತ್ತಲೇ ಇರಲಿಲ್ಲ. ತಲೆಗೆ ಏಟು ಬಿದ್ದರೆ ನಾವು ಹೊಣೆ ಅಲ್ಲ ಅಂತ ಬರೆಸಿಕೊಳ್ಳೋಕೆ ಬಂದಿದ್ದರು. ಇಲ್ಲಿ ಓದುತ್ತಾ ಓದುತ್ತಾ ಅದೆಲ್ಲ ನೆನಪಾಯಿತು. ನನ್ನ ಮಗ ಖೋ ಖೋ ಆಡಬಹುದಾ? ಹೊರಗಿನ ಮಷಿನ್ ತೆಗೆಸಬೇಕಾ? ತೆಗೆದರೆ ಅವನಿಗೆ ಏನೂ ಕೇಳಿಸುವುದಿಲ್ಲ, ಅದಕ್ಕೇ ಭಯ.

ಹಾಸನ ಟೀಚರ್ · ಬುಧವಾರ, ಮಧ್ಯಾಹ್ನ 1.30

ಅಮ್ಮ, ಆಟದಿಂದ ಹೊರಗಿಡುವುದು ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಶಾಲೆಯಲ್ಲಿ ಆಟೋಟಕ್ಕೂ ಉಳಿದ ಮಕ್ಕಳ ಸಮಾನವಾಗಿ ಅವಕಾಶ ಕೊಡಬೇಕು ಅಂತ. ಆದರೆ ಇಂಪ್ಲಾಂಟ್ ಆದ ಮಗುವಿಗೆ ಯಾವ ಆಟ ಬೇಡ ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ, ಅವರ ಕೈಯಲ್ಲಿ ಒಂದು ಚೀಟಿ ಬರೆಸಿ ಶಾಲೆಗೆ ಕೊಡಿ. ಒಳಗಿನ ಭಾಗ ಚರ್ಮದ ಕೆಳಗೆ ಇರುತ್ತದೆ, ತಲೆಗೆ ಏಟು ಬೀಳುವ ಆಟದಲ್ಲಿ ಹುಷಾರಾಗಿರಬೇಕು. ಕಬಡ್ಡಿಯಲ್ಲಿ ಹಿಡಿದು ಬೀಳಿಸುತ್ತಾರೆ. ಖೋ ಖೋದಲ್ಲಿ ಅದಿಲ್ಲ, ಆದರೆ ಡೈವ್ ಹೊಡೆಯುವುದು, ಕಂಬಕ್ಕೆ ತಾಗುವುದು ಇದೆ. ಹೊರಗಿನದನ್ನು ತೆಗೆದು ಆಡಿಸುವುದಾದರೆ ಇಲ್ಲಿ ನಾವು ಮಾತಾಡುತ್ತಿರುವ ಕೈ ಮುಟ್ಟು, ಬಾವುಟ ಎಲ್ಲ ಅವನಿಗೂ ಬೇಕು. ತೆಗೆದದ್ದನ್ನು ಯಾರ ಕೈಗೆ ಕೊಡಬೇಕು ಅಂತ ಮೊದಲೇ ಗೊತ್ತು ಮಾಡಿ. ಮಗುವಿನ ಜೇಬಿಗಂತೂ ಹಾಕಿಸಬೇಡಿ.

ಇನ್ನೊಂದು ವಿಷಯ ಮೇಷ್ಟ್ರಿಗೂ. ಕಿವಿ ಕೇಳದ ಕೆಲವು ಮಕ್ಕಳಿಗೆ ಬೀಳದ ಹಾಗೆ ಬ್ಯಾಲೆನ್ಸ್ ಹಿಡಿಯುವುದೂ ಕಷ್ಟ, ಯಾಕೆಂದರೆ ಒಳಗಿವಿಯೇ ಅದನ್ನೂ ನೋಡಿಕೊಳ್ಳುವುದು. ಮೆದುಳು ಜ್ವರ ಬಂದು ಕಿವಿ ಹೋದ ಮಕ್ಕಳಲ್ಲಿ ಇದು ಹೆಚ್ಚು. ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿ. ಆಮೇಲೆ ಪಕ್ಕದಲ್ಲೇ ನೀವು ನಿಂತುಕೊಂಡು ಕಣ್ಣು ಮುಚ್ಚಿಸಿ. ಕಣ್ಣು ಮುಚ್ಚಿದ ತಕ್ಷಣ ಪ್ರತಿ ಸಲ ವಾಲಿದರೆ ಅಂಥ ಮಗುವಿಗೆ ಎತ್ತರ ಹತ್ತಿಸುವ, ಗಿರಗಿರ ತಿರುಗಿಸುವ, ಕಣ್ಣು ಕಟ್ಟುವ ಆಟ ಬೇಡ. ಡಾಕ್ಟರಿಗೂ ಹೇಳಿ.

ಬೇಲೂರು ಮೇಷ್ಟ್ರು · ಬುಧವಾರ, ಸಂಜೆ 6.00

ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದೆ, ನಮ್ಮ ಹುಡುಗಿ ಬಂಡೆ ಥರ ನಿಂತಳು. ಮೂಕ ಖೋ ಖೋ ಶುರು ಮಾಡಿದೆ. ಮೊದಲ ಐದು ನಿಮಿಷ ಪೂರ್ತಿ ಗೊಂದಲ. ಆಮೇಲೆ ಮೈದಾನದಲ್ಲಿ ಬರೀ ಕಾಲ ಸದ್ದು. ಆ ಸದ್ದನ್ನು ಮರೆಯೋಕೆ ಆಗುವುದಿಲ್ಲ.

ಆದರೆ ವಿಷಲ್ ಕಷ್ಟ ಹಾಗೇ ಇದೆ. ಫೌಲ್ ಆದಾಗ ನಿಲ್ಲಿಸೋದು ಹೇಗೆ? ಬಾವುಟ ಎತ್ತಿದರೂ ನೋಡುವುದಿಲ್ಲ.

ಅರಸೀಕೆರೆ ಕಬಡ್ಡಿ · ಬುಧವಾರ, ಸಂಜೆ 7.20

ಡ್ರಮ್ ವಿಷಯ ಒಪ್ಪಿದೆ ಟೀಚರ್. ಬಾವುಟದ ಬಗ್ಗೆ ಒಂದು ಹೇಳುತ್ತೇನೆ, ಇದು ಸರಿ ಇರಬಹುದು. ಸಂಜೆ ಪೀರಿಯಡ್ ಆದರೆ ಪಶ್ಚಿಮದ ಕಡೆ ನಿಂತು ಬಾವುಟ ಎತ್ತಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬಾವುಟ ಕಪ್ಪಗೆ ಕಾಣುತ್ತದೆ. ಆ ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡುವ ಚೌಕದಲ್ಲೇ ಕೂರಿಸಿ, ನೀವು ಆ ಕಡೆ ನಿಂತುಕೊಳ್ಳಿ.

ಸನ್ನೆಮಾತು · ಬುಧವಾರ, ರಾತ್ರಿ 9.00

ನಾನು ಕಿವುಡ. ಊರು ಚಿಕ್ಕಮಗಳೂರು. ಪ್ರಿಂಟಿಂಗ್ ಪ್ರೆಸ್ ಕೆಲಸ. ಮಾಮೂಲಿ ಶಾಲೆಯಲ್ಲೇ ಓದಿದೆ, 10ನೇ ಕ್ಲಾಸ್ ತನಕ ಖೋ ಖೋ ಆಡಿದೆ.

ಬಿಸಿಲಿನ ಮಾತು ಸರಿ. ಆದರೆ ಒಂದೇ ಚೌಕದಲ್ಲಿ ಕೂರಿಸೋಕೆ ಆಗುವುದಿಲ್ಲ. ಖೋ ಕೊಟ್ಟವನು ಎದ್ದವನ ಜಾಗದಲ್ಲಿ ಕೂರಬೇಕು. ಆಟ ನಡೆದ ಹಾಗೆ ಅವಳ ಜಾಗ ಬದಲಾಗುತ್ತಲೇ ಇರುತ್ತದೆ. ಒಮ್ಮೆ ಪೂರ್ವ, ಒಮ್ಮೆ ಪಶ್ಚಿಮ.

ಮೇಷ್ಟ್ರು ಒಬ್ಬರೇ ಒಂದು ಕಡೆ ಬಾವುಟ ಹಿಡಿದು ನಿಂತಿದ್ದಾರೆ. ಅವಳು ಆ ಕಡೆಗೆ ಬೆನ್ನು ಹಾಕಿ ಕೂತಾಗ ಹೇಗೆ ಕಾಣುತ್ತದೆ? ಖೋ ಖೋದಲ್ಲಿ ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಅಂಪೈರ್ ಇಬ್ಬರು, ಎರಡು ಬದಿಗೆ. ಇಬ್ಬರ ಕೈಯಲ್ಲೂ ಬಾವುಟ ಇದ್ದರೆ ಯಾವ ಚೌಕದಲ್ಲಿ ಕೂತರೂ ಒಂದು ಬಾವುಟ ಎದುರಿಗೇ ಇರುತ್ತದೆ. ಆಟವೇ ಹಾಗೆ ಮಾಡಿ ಇಟ್ಟಿದೆ.

ಆದರೆ ಎದ್ದು ಓಡುವಾಗ ಬದಿ ಕಾಣುವುದಿಲ್ಲ. ಓಡುವುದು ಕಂಬದ ಕಡೆಗೆ. ಎರಡೂ ಕಂಬದ ಹಿಂದೆ, ಸ್ವಲ್ಪ ದೂರದಲ್ಲಿ, ಇನ್ನೊಬ್ಬೊಬ್ಬ ಹುಡುಗನನ್ನು ಬಾವುಟ ಕೊಟ್ಟು ನಿಲ್ಲಿಸಿ. ಒಟ್ಟು ನಾಲ್ಕು ಬಾವುಟ. ನಮ್ಮ ಮೇಷ್ಟ್ರು ಎರಡು ವರ್ಷ ಆದ ಮೇಲೆ ಇದನ್ನು ಕಂಡುಕೊಂಡರು. ಆ ಎರಡು ವರ್ಷ ನಾನು ಬರೀ ಬೈಸಿಕೊಂಡೆ.

ಜನ ಅಂದುಕೊಳ್ಳುತ್ತಾರೆ, ಖೋ ಖೋ ಕಿವಿಯ ಆಟ ಅಂತ. ಅಲ್ಲ. ಕೂತಿರುವಾಗ ನನ್ನ ಬೆನ್ನ ಹಿಂದೆ ಏನು ನಡೆಯುತ್ತದೆ ಅಂತ ತಿಳಿಯುವುದು ಬೇಕಿಲ್ಲ. ರನ್ನರ್ ನನ್ನ ಮುಖ ಇರುವ ಕಡೆಗೆ ದಾಟಿದಾಗ ತಾನೇ ನನಗೆ ಖೋ ಸಿಗುವುದು? ಎದ್ದ ತಕ್ಷಣ ಅವನು ಕಣ್ಣೆದುರಿಗೇ ಇರುತ್ತಾನೆ.

ಹಾಸನ ಟೀಚರ್ · ಬುಧವಾರ, ರಾತ್ರಿ 9.25

ಸನ್ನೆಮಾತು ಅವರೇ, ನಾಲ್ಕು ಬಾವುಟದ ಮಾತು ನನಗೂ ಹೊಸದು. ನಾನು ಎರಡೇ ಇಡಿಸುತ್ತಿದ್ದೆ. ಓಡುವ ಮಗು ಯಾಕೆ ನಿಲ್ಲುತ್ತಿರಲಿಲ್ಲ ಅಂತ ಈಗ ತಿಳಿಯಿತು.

ಮೇಷ್ಟ್ರೇ, ನಿಮ್ಮ ಇನ್ನೊಂದು ತಪ್ಪು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಷಲ್, ಬಾವುಟ ಎರಡನ್ನೂ ಒಟ್ಟಿಗೆ ಕೊಟ್ಟಿರಿ. ಆಗ 33 ಮಕ್ಕಳು ಬಾವುಟ ನೋಡುವುದೇ ಇಲ್ಲ, ಕಿವಿಗೆ ಬಿದ್ದ ಕೂಡಲೇ ನಿಲ್ಲುತ್ತಾರೆ. ಬಾವುಟ ಅವಳೊಬ್ಬಳದ್ದಾಗುತ್ತದೆ. ಅವಳೂ ಬಾವುಟ ಹುಡುಕುವ ಬದಲು ಪಕ್ಕದವರು ನಿಂತರಾ ಅಂತ ನೋಡೋಕೆ ಶುರು ಮಾಡುತ್ತಾಳೆ. ಕೊನೆಗೆ ಬಾವುಟ ಹಿಡಿದವರೂ ತಡವಾಗಿ ಎತ್ತುತ್ತಾರೆ, ಹೇಗೂ ಆಟ ನಿಂತಿದೆಯಲ್ಲ ಅಂತ. ಕ್ಲಾಸಿನ ಆಟದಲ್ಲಿ ವಿಷಲ್ ಜೇಬಿನಲ್ಲಿ ಇಡಿ. ಬಾವುಟ ಎಲ್ಲರದ್ದೂ ಆಗಲಿ. ವಿಷಲ್ ಅಪಾಯಕ್ಕೆ ಮಾತ್ರ. ಹಸು ನುಗ್ಗಿತು, ಯಾರೋ ಬಿದ್ದರು, ಅಂಥದ್ದಕ್ಕೆ.

ಮೂರೇ ಸನ್ನೆ ಸಾಕು. ಬಾವುಟ ತಲೆ ಮೇಲಿಂದ ಕೆಳಕ್ಕೆ ಒಮ್ಮೆಲೇ ಬಿದ್ದರೆ ಶುರು. ತಲೆ ಮೇಲೆ ಎಡಕ್ಕೂ ಬಲಕ್ಕೂ ಬೀಸುತ್ತಿದ್ದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಫೌಲ್ ಆದಾಗ ಚೇಸರ್ ರನ್ನರ್‌ಗೆ ವಿರುದ್ಧ ದಿಕ್ಕಿಗೆ ಹೋಗಿ ಖೋ ಕೊಡಬೇಕಲ್ಲ, ಅದಕ್ಕೆ ಬಾವುಟವನ್ನು ಆ ದಿಕ್ಕಿಗೆ ಅಡ್ಡ ಚಾಚಿ ಹಿಡಿಯುವುದು. ಬಣ್ಣ ಬದಲಿಸಿ ಅರ್ಥ ಬದಲಿಸಬೇಡಿ. ಕೆಂಪು ಹಸಿರು ಒಂದೇ ಥರ ಕಾಣುವ ಹುಡುಗರು ಕ್ಲಾಸಿನಲ್ಲಿ ಇರಬಹುದು. ಅರ್ಥ ಬಾವುಟ ಆಡುವ ರೀತಿಯಲ್ಲಿ ಇರಲಿ.

ಸಕಲೇಶಪುರ ಪಿಇ · ಗುರುವಾರ, ಬೆಳಗ್ಗೆ 6.50

ಬಣ್ಣದ ಬಗ್ಗೆ ನನ್ನದೂ ಒಂದು. ನಮ್ಮ ಕಡೆ ಮೈದಾನದ ಸುತ್ತ ಕಾಫಿ ತೋಟ, ಸಿಲ್ವರ್ ಮರ. ಹಸಿರು ಬಾವುಟ ಎತ್ತಿದರೆ ಮರದ ಜೊತೆ ಸೇರಿ ಹೋಗುತ್ತದೆ. ಕೆಂಪು ಬಾವುಟ ಕೆಳಗೆ ಇಳಿದರೆ ಕೆಮ್ಮಣ್ಣಿನ ದಿಬ್ಬದ ಮುಂದೆ ಕಾಣುವುದೇ ಇಲ್ಲ. ಬೇಲೂರು ಸರ್‌ಗೂ ಹಾಗೇ ಆಗಿರಬಹುದು. ನಾನು ಈಗ ಹಳದಿ ಬಟ್ಟೆ ತಂದಿದ್ದೇನೆ, ಟವಲ್‌ನ ಅರ್ಧದಷ್ಟು ಅಗಲ, ಅಡಿಕೆ ದಬ್ಬೆಗೆ ಕಟ್ಟಿದ್ದು. ಮೈದಾನದ ಆ ತುದಿಗೆ ಹೋಗಿ ನಿಂತು, ಒಬ್ಬ ಹುಡುಗನ ಕೈಯಲ್ಲಿ ಬಾವುಟ ಆಡಿಸಿ ನಾನೇ ನೋಡಿದೆ. ಹಳದಿ ಎಲ್ಲ ಕಡೆಗೂ ಕಂಡಿತು. ಮಂಜು ಇಳಿದ ದಿನ ಮಾತ್ರ ಯಾವ ಬಣ್ಣವೂ ಕಾಣುವುದಿಲ್ಲ. ಆವತ್ತು ಮೈದಾನ ಬಿಟ್ಟು ವರಾಂಡದಲ್ಲಿ ಆಡಿಸುತ್ತೇನೆ.

ಕಡೂರಿನವ · ಗುರುವಾರ, ಬೆಳಗ್ಗೆ 8.10

ಒಂದು ಮಾತು ಕೇಳಲಾ? ಒಬ್ಬಳಿಗೋಸ್ಕರ 33 ಮಕ್ಕಳ ವಿಷಲ್ ಬಿಡಿಸಿದರೆ ಅವರ ಅಭ್ಯಾಸ ಕೆಡುವುದಿಲ್ವಾ? ವಲಯ ಮಟ್ಟಕ್ಕೆ ಹೋದರೆ ಅಲ್ಲಿ ವಿಷಲ್ಲೇ ಇರುತ್ತದೆ.

ಅರಸೀಕೆರೆ ಕಬಡ್ಡಿ · ಗುರುವಾರ, ಬೆಳಗ್ಗೆ 9.00

ನನಗೂ ಅದೇ ಅನ್ನಿಸಿತು. ಟೀಮ್ ಪ್ರಾಕ್ಟೀಸ್‌ನಲ್ಲಿ ವಿಷಲ್ ಇರಲೇಬೇಕು.

ಹಾಸನ ಟೀಚರ್ · ಗುರುವಾರ, ಮಧ್ಯಾಹ್ನ 2.00

ಕ್ಲಾಸಿನ ಪೀರಿಯಡ್ ಬೇರೆ, ಟೀಮ್ ಪ್ರಾಕ್ಟೀಸ್ ಬೇರೆ. ಪೀರಿಯಡ್ ಎಲ್ಲ ಮಕ್ಕಳದ್ದು. ಟೀಮ್ ಪ್ರಾಕ್ಟೀಸ್‌ನಲ್ಲಿ ಎರಡೂ ಇಡಿ, ಆದರೆ ಬಾವುಟ ಮೊದಲು, ವಿಷಲ್ ಒಂದು ಉಸಿರು ಬಿಟ್ಟು. ಇದು ಸಾಕೇ ಅಂತ ಕೇಳಿದರೆ ನಾನು ಮತ್ತು ಅರಸೀಕೆರೆ ಸರ್ ಒಪ್ಪುವುದು ಕಷ್ಟ. ಅವರ ಜಾಗದಲ್ಲಿ ನಿಂತರೆ ಅವರದ್ದೂ ಸರಿಯೇ.

ಬೇಲೂರು ಮೇಷ್ಟ್ರು · ಶನಿವಾರ, ಮಧ್ಯಾಹ್ನ 12.40

ನಾಲ್ಕು ಹಳದಿ ಬಾವುಟ ಆಯಿತು. ಬಾವುಟ ಹಿಡಿಯುವ ಕೆಲಸಕ್ಕೆ ಪೈಪೋಟಿ ಬಿದ್ದಿದೆ, ಸರದಿ ಮಾಡಿದ್ದೇನೆ. ಅವಳಿಗೂ ಒಂದು ಸರದಿ. ವಿಷಲ್ ಇಲ್ಲದೆ ಎರಡು ದಿನ ಆಡಿಸಿದೆ. ಮೊದಲ ದಿನ ಬಾವುಟ ಬೀಸಿದರೂ ಆರೇಳು ಮಕ್ಕಳು ಓಡುತ್ತಲೇ ಇದ್ದರು, ಅವಳು ಎಲ್ಲರಿಗಿಂತ ಮೊದಲು ನಿಂತಳು. ಇನ್ನೂ ಓಡುತ್ತಿದ್ದವರನ್ನು ನೋಡಿ ಕೈ ಅಡ್ಡ ಮಾಡಿ ನಿಲ್ಲಿ ಅಂದಳು. ಇದುವರೆಗೆ ಅವಳು ಯಾರನ್ನೂ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ.

ಇವತ್ತು ಮತ್ತೆ ಎಣಿಸಿದೆ. 12 ಖೋ. 11ಕ್ಕೆ ಸರಿಯಾಗಿ ಎದ್ದಳು. ಒಂದಕ್ಕೆ ತಡ, ಅದರಲ್ಲೂ ಕೈ ತೋಳಿಗೆ ಬಿದ್ದಿತ್ತು. ಫೌಲ್ ಒಂದೂ ಇಲ್ಲ.

ಈಗ ಹೊಸ ಕಷ್ಟ. ಅವಳು ರನ್ನರ್ ಆದಾಗ ಬೇಗ ಔಟ್ ಆಗುತ್ತಿದ್ದಾಳೆ. ಹಿಂದೆ ಬರುವ ಚೇಸರ್‌ನನ್ನು ಚೆನ್ನಾಗಿ ತಪ್ಪಿಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಅವಳ ಮುಂದೆಯೇ ಕೂತಿದ್ದವನಿಗೆ ಖೋ ಸಿಕ್ಕಿರುತ್ತದೆ, ಅವನು ಎದ್ದು ಹಿಡಿದುಬಿಡುತ್ತಾನೆ. ಬೇರೆ ಮಕ್ಕಳು ಖೋ ಅಂದದ್ದು ಕೇಳಿ ತಿರುಗುತ್ತಾರೆ. ಇದಕ್ಕೆ ಬಾವುಟ ಕೆಲಸ ಮಾಡುವುದಿಲ್ಲ, ಅಷ್ಟು ಸಮಯವೇ ಇರುವುದಿಲ್ಲ.

ಸನ್ನೆಮಾತು · ಶನಿವಾರ, ಸಂಜೆ 4.15

ಇದಕ್ಕೆ ಬಾವುಟ ಬೇಡ. ಕೂತವರ ಕಾಲು ನೋಡೋಕೆ ಕಲಿಸಿ.

ಖೋ ಸಿಗುತ್ತದೆ ಅಂತ ಗೊತ್ತಾದವನು ಸುಮ್ನೆ ಕೂತಿರುವುದಿಲ್ಲ. ಕಾಲ್ಬೆರಳು ಮಣ್ಣಿಗೆ ಒತ್ತುತ್ತಾನೆ. ಹಿಮ್ಮಡಿ ಮೇಲೆ ಬರುತ್ತದೆ. ಕೈ ನೆಲಕ್ಕೆ ಹೋಗುತ್ತದೆ. ಸೊಂಟ ಸ್ವಲ್ಪ ಏಳುತ್ತದೆ. ಖೋ ಅನ್ನುವುದಕ್ಕೂ ಮೊದಲೇ ಇದೆಲ್ಲ ಆಗಿರುತ್ತದೆ. ನಾನು ಹಿಂದೆ ಬರುವವನನ್ನು ಒಂದು ಸಲ ನೋಡಿ, ಮುಂದಿನ ಎರಡು ಚೌಕದ ಹಿಮ್ಮಡಿ ನೋಡುತ್ತಿದ್ದೆ. ನನ್ನನ್ನು ಔಟ್ ಮಾಡುವುದು ಕಷ್ಟ ಅಂತ ಹೆಸರಾಗಿತ್ತು.

ಕಲಿಸುವುದು ಹೀಗೆ. ಮೂವರನ್ನು ಸಾಲಾಗಿ ಕೂರಿಸಿ. ಒಬ್ಬನಿಗೆ ಮಾತ್ರ ನೀನು ಏಳು ಅಂತ ಗುಟ್ಟಾಗಿ ಹೇಳಿ. ಅವಳು ಎದುರಿಗೆ ನಿಂತು ಯಾರು ಏಳುತ್ತಾರೆ ಅಂತ ಎದ್ದೇಳುವ ಮೊದಲೇ ಬೆರಳು ತೋರಿಸಬೇಕು. ಮೊದಲು ನಿಂತು ನೋಡಲಿ. ಆಮೇಲೆ ನಡೆಯುತ್ತಾ. ಆಮೇಲೆ ಓಡುತ್ತಾ. ಮಾತು ಬೇಡ, ನೀವೇ ಒಂದು ಸಲ ಕೂತು ಹಿಮ್ಮಡಿ ಎತ್ತಿ ತೋರಿಸಿ, ಸಾಕು.

ಇನ್ನೊಂದು. ನನ್ನ ಹಾಗೆ ಆಡುವವರು ನಾನೊಬ್ಬನೇ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಗೊತ್ತಾಯಿತು, ಕಿವುಡರದ್ದೇ ಡೆಫ್ಲಿಂಪಿಕ್ಸ್ ಅಂತ 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿದೆ ಅಂತ. ಅಲ್ಲಿ ಓಟಕ್ಕೆ ಪಿಸ್ತೂಲಿನ ಬದಲು ದೀಪ ಹೊತ್ತಿಸುತ್ತಾರೆ. ಸ್ಪರ್ಧೆಯಲ್ಲಿ ಯಾರೂ ಮಷಿನ್ ಹಾಕುವಂತಿಲ್ಲ. ಆ ಹುಡುಗಿಗೆ ಹೇಳಿ. ಹೇಳುವುದು ಕಷ್ಟ ಆದರೆ ಫೋನಿನಲ್ಲಿ ವಿಡಿಯೋ ತೋರಿಸಿ.

ಸಕಲೇಶಪುರ ಪಿಇ · ಶನಿವಾರ, ಸಂಜೆ 5.00

ಅಣ್ಣಾ, ಓಟದ ಮಾತು ಬಂತಲ್ಲ, ಒಂದು ಕೇಳುತ್ತೇನೆ. ನಮ್ಮ ಹುಡುಗ 100 ಮೀಟರ್‌ಗೆ ಬಗ್ಗಿ ನಿಂತಾಗ ಬಾವುಟ ನೋಡೋಕೆ ಕುತ್ತಿಗೆ ಎತ್ತುತ್ತಾನೆ. ಶುರುವಿನಲ್ಲೇ ಹಿಂದೆ ಬೀಳುತ್ತಾನೆ.

ಸನ್ನೆಮಾತು · ಶನಿವಾರ, ಸಂಜೆ 5.30

ನೀವು ನಿಂತು ಬಾವುಟ ಎತ್ತಿದರೆ ಅವನು ಕುತ್ತಿಗೆ ಎತ್ತಲೇಬೇಕು. ಅವನ ಲೇನ್ ಪಕ್ಕದಲ್ಲಿ, ನಾಲ್ಕೈದು ಹೆಜ್ಜೆ ಮುಂದೆ, ಒಬ್ಬರು ಕುಕ್ಕರಗಾಲಲ್ಲಿ ಕೂತು ಬಾವುಟವನ್ನು ನೆಲದ ಹತ್ತಿರ ಹಿಡಿಯಲಿ. ತಲೆ ಬಗ್ಗಿಸಿದಾಗ ಕಣ್ಣಿಗೆ ಬೀಳುವ ಜಾಗ ಅದು. ಬಾವುಟ ಆಡಿದ್ದೇ ಶುರು. ಡೆಫ್ಲಿಂಪಿಕ್ಸ್‌ನಲ್ಲೂ ದೀಪ ನೆಲದ ಮೇಲೆಯೇ ಇರುತ್ತದೆ. ಒಂದು ನೆನಪಿರಲಿ, ಮನುಷ್ಯನಿಗೆ ಸದ್ದು ಬೇಗ ತಾಗುತ್ತದೆ, ಕಣ್ಣಿಗೆ ಕಂಡದ್ದು ಒಂದು ಚೂರು ತಡ. ಉಳಿದವರಿಗೆ ವಿಷಲ್, ಅವನಿಗೆ ಬಾವುಟ ಅಂದರೆ ಅನ್ಯಾಯ. ಎಲ್ಲರೂ ಬಾವುಟಕ್ಕೇ ಓಡಲಿ.

ಮೂಡಿಗೆರೆ ಅಮ್ಮ · ಭಾನುವಾರ, ಬೆಳಗ್ಗೆ 10.20

ನಿನ್ನೆ ಮನೆ ಅಂಗಳದಲ್ಲಿ ನಾನು, ಅತ್ತೆ, ಪಕ್ಕದ ಮನೆ ಇಬ್ಬರು ಮಕ್ಕಳು ಕೂತು ಮಗನಿಗೆ ಹಿಮ್ಮಡಿ ಆಟ ಆಡಿಸಿದೆವು. ಮೂರನೇ ಸಲಕ್ಕೆ ಹಿಡಿದುಬಿಟ್ಟ. ಅತ್ತೆ ಏಳುವಾಗ ಕೈ ಊರುತ್ತಾರೆ ಅಂತ ಮೊದಲೇ ಕಂಡುಹಿಡಿದ. ಡಾಕ್ಟರ್ ಚೀಟಿಗೆ ಮುಂದಿನ ತಿಂಗಳು ಮೈಸೂರಿಗೆ ಹೋಗುತ್ತಿದ್ದೇವೆ.

ಬೇಲೂರು ಮೇಷ್ಟ್ರು · ಮುಂದಿನ ಗುರುವಾರ, ಸಂಜೆ 6.15

ನಾಲ್ಕು ದಿನ ಹಿಮ್ಮಡಿ ಅಭ್ಯಾಸ ಮಾಡಿಸಿದೆ. ಮೊದಲು ಅವಳು ರನ್ನರ್ ಆಗಿ ಅರ್ಧ ನಿಮಿಷ ನಿಂತರೆ ದೊಡ್ಡದು. ಇವತ್ತು ಒಂದು ನಿಮಿಷ 50 ಸೆಕೆಂಡ್ ಆಡಿದಳು. ಔಟ್ ಆಗಿದ್ದು ಕಾಲು ಜಾರಿ. ಈಗ ಬೇರೆ ಮಕ್ಕಳೂ ಹಿಮ್ಮಡಿ ನೋಡೋಕೆ ಶುರು ಮಾಡಿದ್ದಾರೆ. ಕೂತವರು ಹುಷಾರಾಗಿ ಹಿಮ್ಮಡಿ ಒತ್ತಿ ಕೂರುತ್ತಿದ್ದಾರೆ, ಅವಳು ಈಗ ಸೊಂಟ ನೋಡುತ್ತಿದ್ದಾಳೆ.

ವಲಯ ಮಟ್ಟದ ಟೀಮಿಗೆ ಅವಳ ಹೆಸರು ಕೊಟ್ಟಿದ್ದೇನೆ. ಅಲ್ಲಿ ಎರಡು ವಿಷಯ ಗೊತ್ತಾಗುತ್ತಿಲ್ಲ. ಅಂಪೈರ್‌ಗಳು ಬಾವುಟ ಹಿಡಿಯೋಕೆ ಒಪ್ಪುತ್ತಾರಾ? ಇನ್ನೊಂದು, ಅವಳು ಖೋ ಕೊಡುವಾಗ ಬಾಯಿಂದ ಒಂದು ಸದ್ದು ಬರುತ್ತದೆ, ಆದರೆ ಖೋ ಅಂತ ಸ್ಪಷ್ಟ ಇರುವುದಿಲ್ಲ. ಅದನ್ನು ಫೌಲ್ ಅಂದರೆ?

ಅರಸೀಕೆರೆ ಕಬಡ್ಡಿ · ಗುರುವಾರ, ಸಂಜೆ 7.00

ಸರ್, ನಾನು ವಲಯದಲ್ಲಿ ಅಂಪೈರ್ ಆಗಿ ನಿಂತಿದ್ದೇನೆ. ಆಟದ ದಿನ ಬೆಳಗ್ಗೆ ಬಂದು ಹೇಳಿದರೆ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗಡಿಬಿಡಿ. ಮ್ಯಾನೇಜರುಗಳ ಮೀಟಿಂಗ್‌ನಲ್ಲೇ ಬರೆದು ಕೊಡಿ, ಬಾವುಟ ನೀವೇ ಒಯ್ಯಿರಿ. ಎದುರು ಟೀಮಿನ ಮೇಷ್ಟ್ರಿಗೂ ಮೊದಲೇ ತೋರಿಸಿ. ಸದ್ದಿನ ಬಗ್ಗೆ ನನ್ನ ಕೈಯಲ್ಲಿ ಹೇಳೋಕೆ ಆಗುವುದಿಲ್ಲ. ನಾನಾದರೆ ಸದ್ದು ಬಂದು, ಕೈ ಬೆನ್ನಿಗೆ ಬಿದ್ದರೆ ಖೋ ಅಂತಲೇ ತೆಗೆದುಕೊಳ್ಳುತ್ತೇನೆ. ಇನ್ನೊಬ್ಬ ಅಂಪೈರ್ ಹಾಗೆ ತೆಗೆದುಕೊಳ್ಳದೆಯೂ ಇರಬಹುದು.

ಹಾಸನ ಟೀಚರ್ · ಗುರುವಾರ, ರಾತ್ರಿ 9.30

ಬರೆದು ಕೊಡುವ ಅರ್ಜಿಗೆ ಅವಳ ವಿಕಲಚೇತನರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಅರ್ಜಿಯ ಒಂದು ಪ್ರತಿ ನಮ್ಮ ಬಿಇಒ ಕಚೇರಿಗೂ ಹೋಗಲಿ. ಅವತ್ತು ನನಗೆ ಬೇರೆ ಶಾಲೆ ಭೇಟಿ ಇಲ್ಲದಿದ್ದರೆ ನಾನೂ ಬರುತ್ತೇನೆ. ಒಂದು ಕಂಬದ ಹಿಂದಿನ ಬಾವುಟ ನನಗೆ ಕೊಡಿ.

ಸನ್ನೆಮಾತು · ಗುರುವಾರ, ರಾತ್ರಿ 9.45

ಯಾವ ಊರು, ಯಾವ ದಿನ ಹೇಳಿ. ಪ್ರೆಸ್ಸಿಗೆ ರಜೆ ಹಾಕಿ ಬರುತ್ತೇನೆ. ಇನ್ನೊಂದು ಕಂಬ ನನ್ನದು.